ಸಾಲವೋ, ಮುಂಗಡ ಸಂಬಳವೋ: ಕಂಪನಿ ಕೊಟ್ಟ 3 ಲಕ್ಷದ ಮೇಲಿನ ತೆರಿಗೆ

ಪ್ರಶ್ನೆ (ತೀರ್ಥಹಳ್ಳಿಯ ಸದಸ್ಯರು, ಜುಲೈ 2025): ಮೇಡಂ, ಮನೆಯ ಮಾಡು ರಿಪೇರಿಗೆಂದು ನಮ್ಮ ಕಂಪನಿಯಿಂದ 2024ರ ಜೂನ್ 10ರಂದು ಬಡ್ಡಿಯಿಲ್ಲದೆ 3 ಲಕ್ಷ ರೂಪಾಯಿ ಪಡೆದೆ. ಜುಲೈ ಸಂಬಳದಿಂದ ಪ್ರತಿ ತಿಂಗಳು 15,000 ಹಿಡಿಯುತ್ತಿದ್ದಾರೆ. ಸಂಬಳ ಮುಂದಿನ ತಿಂಗಳ 5ಕ್ಕೆ ಬರುತ್ತದೆ. ಈಗ ಕೈಗೆ ಬಂದ ಫಾರಂ 16ರಲ್ಲಿ ಆ 3 ಲಕ್ಷವನ್ನು ಪೂರ್ತಿ ಸಂಬಳಕ್ಕೇ ಸೇರಿಸಿದ್ದಾರೆ. ಇದು ಸರಿಯೇ?

ಉತ್ತರ (ಲೆಕ್ಕಪರಿಶೋಧಕರು, ಶಿವಮೊಗ್ಗ): ಸರಿಯಲ್ಲವೆಂದೇ ತೋರುತ್ತದೆ, ಆದರೆ ಎರಡು ಕಾಗದ ನೋಡಬೇಕು. ಹಣ ಕೊಡುವಾಗ ಬರೆದ ವೋಚರಿನಲ್ಲಿ ಏನೆಂದು ಬರೆದಿದ್ದಾರೆ? ಈ ವರ್ಷದ ಯಾವುದಾದರೊಂದು ತಿಂಗಳ ಪೇಸ್ಲಿಪ್‌ನಲ್ಲಿ ಒಟ್ಟು ಸಂಬಳ, ಕಡಿತ, ಟಿಡಿಎಸ್ ಹೇಗಿವೆ?

ತೀರ್ಥಹಳ್ಳಿಯ ಸದಸ್ಯರು: ವೋಚರಿನಲ್ಲಿ "ಸಂಬಳ ಮುಂಗಡ" ಎಂದಿದೆ. ನನ್ನ ಅರ್ಜಿ ಮತ್ತು ಮಂಜೂರಾತಿ ಪತ್ರದಲ್ಲಿ "ಮನೆ ರಿಪೇರಿ ಸಾಲ, 20 ಕಂತು" ಎಂದಿದೆ. 2025ರ ಜೂನ್ ಸ್ಲಿಪ್‌ನಲ್ಲಿ ಒಟ್ಟು ಸಂಬಳ 72,000, ಕಡಿತದ ಸಾಲಿನಲ್ಲಿ "ಮುಂಗಡ ವಸೂಲಿ 15,000" ಇದೆ, ಟಿಡಿಎಸ್ ಪೂರ್ತಿ 72,000ದ ಮೇಲೆ ಇದೆ. ನಾನು ಹಳೆಯ ಪದ್ಧತಿಯಲ್ಲಿದ್ದೇನೆ, ತೆರಿಗೆಗೆ ಒಳಪಡುವ ಆದಾಯ ಸುಮಾರು 6.6 ಲಕ್ಷ.

ಸಾಗರದ ಶಿಕ್ಷಕಿ: ನಮ್ಮ ಗ್ರೂಪಿಗೆ ಒಂದು ಸಂದೇಶ ಬಂದಿತ್ತು. ಫಾರಂ 10ಇ ತುಂಬಿದರೆ ಇಂಥ ತೆರಿಗೆ ಎಲ್ಲ ವಾಪಸು ಬರುತ್ತದಂತೆ. ಕೆಳಗೆ ಹಾಕುತ್ತೇನೆ.

ಲೆಕ್ಕಪರಿಶೋಧಕರು: ದಯವಿಟ್ಟು ಹಾಕಬೇಡಿ. ಈ ವಾರ ಅದೇ ಸಂದೇಶ ನನಗೆ ನಾಲ್ಕನೆಯ ಬಾರಿ ಬರುತ್ತಿದೆ. 10ಇ ಇರುವುದು ನಿಜವಾಗಿಯೂ ಮುಂದಿನ ತಿಂಗಳುಗಳ ಸಂಬಳವನ್ನು ಮೊದಲೇ ಪಡೆದವರಿಗೆ ಮತ್ತು ಹಿಂಬಾಕಿ ಪಡೆದವರಿಗೆ. ಸಾಲವನ್ನು ಸಂಬಳವೆಂದು ತಪ್ಪಾಗಿ ತೋರಿಸಿರುವಾಗ 10ಇ ಸಲ್ಲಿಸಿದರೆ, ಅದು ಸಂಬಳವೇ ಹೌದು ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ.

ತೀರ್ಥಹಳ್ಳಿಯವರಿಗೆ: ನಿಮ್ಮ ಜೂನ್ ಸ್ಲಿಪ್ಪೇ ಸಾಕ್ಷಿ. ಮುಂದಿನ ಸಂಬಳವನ್ನೇ ಮೊದಲು ಕೊಟ್ಟಿದ್ದರೆ, ಒಮ್ಮೆ ತೆರಿಗೆ ತೆತ್ತ ಆ ಹಣವನ್ನು ಆಯಾ ತಿಂಗಳಲ್ಲಿ ಮತ್ತೆ ಆದಾಯಕ್ಕೆ ಸೇರಿಸುವಂತಿಲ್ಲ, ಅಂದರೆ ಜೂನಿನಲ್ಲಿ ಟಿಡಿಎಸ್ 57,000ದ ಮೇಲೆ ಇರಬೇಕಿತ್ತು. ಪೂರ್ತಿ 72,000ವನ್ನು ಆದಾಯವೆಂದು ಎಣಿಸಿ, ಆಮೇಲೆ 15,000 ಹಿಡಿದಿರುವುದರಿಂದ, ಅವರ ಲೆಕ್ಕದ ಪುಸ್ತಕದಲ್ಲಿಯೇ ಇದು ಸಾಲ. ಫಾರಂ 16ರಲ್ಲಿ ಮಾತ್ರ ಸಂಬಳ. ಹೀಗಾಗಿ ಅದೇ ಹಣಕ್ಕೆ ಎರಡು ಸಲ ತೆರಿಗೆ ಬೀಳುತ್ತಿದೆ. ವೋಚರಿನ ಒಂದು ಪದ ನೋಡಿ ಸಾಫ್ಟ್‌ವೇರಿನಲ್ಲಿ ಬೇರೆ ತಲೆಬರಹ ಆರಿಸಿರಬೇಕು.

ಸಾಲವಾದರೆ ತೆರಿಗೆ ಅಸಲಿನ ಮೇಲಲ್ಲ, ನೀವು ಕೊಡದೆ ಉಳಿಸಿದ ಬಡ್ಡಿಯ ಮೇಲೆ. ಅದನ್ನು ಪರ್ಕ್ವಿಸಿಟ್, ಅಂದರೆ ಸಂಬಳದ ಜೊತೆ ಕಂಪನಿಯಿಂದ ಸಿಕ್ಕ ಸೌಲಭ್ಯ, ಎಂದು ಸಂಬಳಕ್ಕೆ ಸೇರಿಸುತ್ತಾರೆ. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಆ ಹಣಕಾಸು ವರ್ಷದ ಏಪ್ರಿಲ್ 1ರಂದು ಅದೇ ಉದ್ದೇಶದ ಸಾಲಕ್ಕೆ ಹಾಕುತ್ತಿದ್ದ ದರವನ್ನು ಪ್ರತಿ ತಿಂಗಳ ಕೊನೆಯ ದಿನದ ಬಾಕಿಗೆ ಅನ್ವಯಿಸಬೇಕು. ನಿಮ್ಮ ಸಂಬಳ 5ಕ್ಕೆ ಬರುವುದರಿಂದ ಜುಲೈ ಕಂತು ಜಮೆಯಾದದ್ದು ಆಗಸ್ಟ್ 5ಕ್ಕೆ. ಆದ್ದರಿಂದ ಜೂನ್ ಮತ್ತು ಜುಲೈ ಕೊನೆಗೆ ಬಾಕಿ 3,00,000, ಆಗಸ್ಟ್ ಕೊನೆಗೆ 2,85,000, ಹೀಗೆ ಇಳಿದು ಮಾರ್ಚ್ ಕೊನೆಗೆ 1,80,000. ಈ ಹತ್ತು ಬಾಕಿಗಳ ಮೊತ್ತ 24,60,000. ಲೆಕ್ಕದ ಅನುಕೂಲಕ್ಕೆ ವರ್ಷಕ್ಕೆ ಶೇ. 12, ಅಂದರೆ ತಿಂಗಳಿಗೆ ಶೇ. 1 ಎಂದು ಹಿಡಿದರೆ ಪರ್ಕ್ವಿಸಿಟ್ 24,600 ರೂಪಾಯಿ. ಶೇ. 20ರ ಹಂತ ಮತ್ತು ಸೆಸ್ ಸೇರಿ ತೆರಿಗೆ ಸುಮಾರು 5,117. ಈಗ ನಿಮ್ಮ ಮೇಲೆ ಹೇರಿರುವುದು 3 ಲಕ್ಷಕ್ಕೆ 62,400. ನಿಜವಾದ ದರವನ್ನು 2024ರ ಏಪ್ರಿಲ್ 1ರ ಪಟ್ಟಿಯಲ್ಲಿ ಮನೆ ಸಾಲದ ಸಾಲಿನಿಂದ ತೆಗೆದುಕೊಳ್ಳಿ. ಅದು ಶೇ. 12ಕ್ಕಿಂತ ಕಡಿಮೆಯೇ ಬರುತ್ತದೆ. ಅರ್ಜಿಯಲ್ಲಿ ಉದ್ದೇಶ ಬರೆಯದೆ ಇದ್ದಿದ್ದರೆ ವೈಯಕ್ತಿಕ ಸಾಲದ ಹೆಚ್ಚಿನ ದರ ಹಾಕುತ್ತಿದ್ದರು.

ಇನ್ನು ಮಾಡಬೇಕಾದದ್ದು. ಮಂಜೂರಾತಿ ಪತ್ರ, ಕಂತಿನ ಪಟ್ಟಿ, ಜೂನ್ ಸ್ಲಿಪ್ ಜೋಡಿಸಿ ಕಂಪನಿಗೆ ಲಿಖಿತವಾಗಿ ಕೊಡಿ. ಅವರು ಕಳೆದ ಮಾರ್ಚ್ ತ್ರೈಮಾಸಿಕದ 24ಕ್ಯೂಗೆ, ಅಂದರೆ ಸಂಬಳ ಮತ್ತು ಟಿಡಿಎಸ್ ಬಗ್ಗೆ ಇಲಾಖೆಗೆ ಕೊಡುವ ವಿವರಪಟ್ಟಿಗೆ, ತಿದ್ದುಪಡಿ ಸಲ್ಲಿಸಿ ಹೊಸ ಫಾರಂ 16 ಕೊಡಬೇಕು. ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ, ಇಲಾಖೆಯ ಕಣ್ಣಿಗೆ ಬೀಳುವುದು 24ಕ್ಯೂದಲ್ಲಿರುವ ಅಂಕಿ. ರಿಟರ್ನ್ಸ್‌ಗೆ 2025ರ ಸೆಪ್ಟೆಂಬರ್ 15ರವರೆಗೆ ಸಮಯವಿದೆ, ಅಲ್ಲಿಯವರೆಗೆ ಕಾಯಬಹುದು. ತಿದ್ದುಪಡಿಯಾಗದಿದ್ದರೆ ಸರಿಯಾದ ಅಂಕಿಯಲ್ಲೇ ಸಲ್ಲಿಸಿ. ಆದರೆ ವ್ಯತ್ಯಾಸದ ಬಗ್ಗೆ ನೋಟಿಸು ಬರುವ ಸಾಧ್ಯತೆ ಹೆಚ್ಚು, ಆಗ ಉತ್ತರಿಸಲು ಈ ಕಾಗದಗಳೇ ಬೇಕು.

ಭದ್ರಾವತಿಯ ನಿವೃತ್ತ ಬ್ಯಾಂಕ್ ಅಧಿಕಾರಿ: ಮೇಡಂ ಹೇಳಿದ್ದು ಸರಿ, ಆದರೆ ಮೊದಲ 20,000ಕ್ಕೆ ವಿನಾಯಿತಿ ಇದೆ. ಆದ್ದರಿಂದ 2,80,000ಕ್ಕೆ ಮಾತ್ರ ಲೆಕ್ಕ ಹಾಕಬೇಕು. ಅಷ್ಟೇ ಅಲ್ಲ, ಬ್ಯಾಂಕ್ ನೌಕರರ ಮೇಲೆ ಈ ನಿಯಮ ಹೇರಿದ್ದೇ ಅನ್ಯಾಯ.

ಲೆಕ್ಕಪರಿಶೋಧಕರು: ಅರ್ಧ ಸರಿ. 2024-25ರ ಲೆಕ್ಕಕ್ಕೆ ಎಲ್ಲ ಸಾಲ ಸೇರಿ 20,000 ಮೀರದಿದ್ದರೆ ಮಾತ್ರ ವಿನಾಯಿತಿ, ಮೀರಿದರೆ ಪೂರ್ತಿ ಮೊತ್ತಕ್ಕೆ ಲೆಕ್ಕ. ಬ್ಯಾಂಕ್ ನೌಕರರ ತಕರಾರನ್ನು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿ, ಸ್ಟೇಟ್ ಬ್ಯಾಂಕ್ ದರವನ್ನು ಮಾನದಂಡವಾಗಿ ಇಟ್ಟುಕೊಂಡದ್ದನ್ನು ಎತ್ತಿಹಿಡಿದಿದೆ.

ನಿವೃತ್ತ ಅಧಿಕಾರಿ: ತೀರ್ಪು ಬಂದ ಮಾತ್ರಕ್ಕೆ ನ್ಯಾಯವಾಗಿಬಿಡುವುದಿಲ್ಲ.

ಹೊಸನಗರದ ಸದಸ್ಯರು: 1% ಬಡ್ಡಿ ಕೊಟ್ಟರೆ ಪರ್ಕ್ವಿಸಿಟ್ ಬರುವುದಿಲ್ಲವೆಂದು ವಾಟ್ಸಾಪ್‌ನಲ್ಲಿ ಬಂದಿದೆ, ನಿಜವೇ?

ಲೆಕ್ಕಪರಿಶೋಧಕರು: ಸುಳ್ಳು. ಕೊಟ್ಟ ಬಡ್ಡಿಯನ್ನಷ್ಟೇ ಕಳೆಯುತ್ತಾರೆ, ಉಳಿದ ವ್ಯತ್ಯಾಸಕ್ಕೆ ತೆರಿಗೆ ಬರುತ್ತದೆ.

ಸಾಗರದ ಶಿಕ್ಷಕಿ: ಹೊಸ ಪದ್ಧತಿಯಲ್ಲಿದ್ದರೆ ಇದು ಬರುವುದಿಲ್ಲವಲ್ಲವೇ?

ಲೆಕ್ಕಪರಿಶೋಧಕರು: ಬರುತ್ತದೆ.

ಕೊಪ್ಪದ ಎಸ್ಟೇಟ್ ರೈಟರ್: ನಾನು ಬಾಕಿ ಇರುವಾಗಲೇ ಕೆಲಸ ಬಿಡುತ್ತಿದ್ದೇನೆ. ತಿಂಗಳಿಗೆ 18,000 ಸಂಬಳ, 40,000 ಮುಂಗಡ ಬಾಕಿ. ಕೊನೆಯ ಸಂಬಳ ಪೂರ್ತಿ ಹಿಡಿದುಕೊಳ್ಳುತ್ತೇವೆ ಎನ್ನುತ್ತಾರೆ.

ಶಿವಮೊಗ್ಗದ ಅಡಿಕೆ ಮಂಡಿ ಮಾಲೀಕರು: ಹಿಡಿಯದೆ ಇನ್ನೇನು ಮಾಡಬೇಕು? ಕೊಯ್ಲಿನ ಕಾಲದಲ್ಲಿ ಮುಂಗಡ ಪಡೆದು ದೀಪಾವಳಿಗೆ ಮಾಯವಾದವರು ನನ್ನಲ್ಲೇ ಮೂವರಿದ್ದಾರೆ.

ರೈಟರ್: ನಾನು ಮಾಯವಾಗುತ್ತಿಲ್ಲ, ಒಂದು ತಿಂಗಳ ಮುಂಚೆ ಪತ್ರ ಕೊಟ್ಟಿದ್ದೇನೆ.

ಮಂಡಿ ಮಾಲೀಕರು: ಪತ್ರ ಕೊಟ್ಟರೆ ಹಣ ಬಂತೇ? ಮಾತು ಕೊಟ್ಟವರು ಮೊದಲು ತೀರಿಸಿ.

ಲೆಕ್ಕಪರಿಶೋಧಕರು: ಈಗ, 2025ರ ಜುಲೈಯಲ್ಲಿ, ಪ್ಲಾಂಟೇಶನ್ನಿಗೆ 1936ರ ವೇತನ ಪಾವತಿ ಕಾಯ್ದೆ ಅನ್ವಯಿಸುತ್ತದೆ, ತಿಂಗಳಿಗೆ 24,000 ಮೀರದ ಸಂಬಳದವರು ಅದರೊಳಗೆ ಬರುತ್ತಾರೆ. ಎಲ್ಲ ಕಡಿತಗಳೂ ಸೇರಿ ಒಂದು ವೇತನ ಅವಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಸಹಕಾರ ಸಂಘದ ಬಾಕಿಯಿದ್ದರೆ ಮಾತ್ರ ಮುಕ್ಕಾಲು ಭಾಗದವರೆಗೆ. ಆದ್ದರಿಂದ ನಿಮ್ಮ 18,000ದಲ್ಲಿ 9,000 ಕೈಗೆ ಬರಬೇಕು. ಸಾಲ ಹಾಗೆಂದು ಮಾಫಿಯಾಗುವುದಿಲ್ಲ, ಉಳಿದದ್ದನ್ನು ಅವರು ಬೇರೆ ದಾರಿಯಲ್ಲಿ ವಸೂಲು ಮಾಡಬಹುದು. ಅಕಸ್ಮಾತ್ ಬಿಟ್ಟುಕೊಟ್ಟರೆ, ಬಿಟ್ಟ ಮೊತ್ತ ಸಂಬಳದ ಆದಾಯವಾಗಿ ಎಣಿಕೆಗೆ ಬರುತ್ತದೆ.

ಮಂಡಿ ಮಾಲೀಕರು: ಕಾನೂನು ಓದಿದವರು ಒಂದು ವರ್ಷ ಮಂಡಿ ನಡೆಸಿ ನೋಡಲಿ.

ರೈಟರ್: ಮೂರು ಜನ ಮಾಡಿದ್ದಕ್ಕೆ ನನ್ನನ್ನು ಯಾಕೆ ಸೇರಿಸುತ್ತೀರಿ?

ಸೊರಬದ ಸದಸ್ಯರು: ಮಂಗನ ಕಾಯಿಲೆಗೆ ಚಿಕಿತ್ಸೆಗೆಂದು ಕಂಪನಿ ಕೊಟ್ಟ ಸಾಲಕ್ಕೂ ಪರ್ಕ್ವಿಸಿಟ್ ಇದೆಯೇ, ದಯವಿಟ್ಟು ತಿಳಿಸಿ.

ಹೊಸನಗರದ ಸದಸ್ಯರು: ಕಂತು ಹಿಡಿದ ಮೇಲೆ ಉಳಿದ ಸಂಬಳಕ್ಕೆ ಮಾತ್ರ ತೆರಿಗೆಯಲ್ಲವೇ?

ಲೆಕ್ಕಪರಿಶೋಧಕರು: ಜೂನ್ ಸ್ಲಿಪ್ ಬಗ್ಗೆ ಬರೆದದ್ದನ್ನು ಓದಿ. ಸಾಲವಾದರೆ 72,000ಕ್ಕೇ ತೆರಿಗೆ, 57,000ಕ್ಕಲ್ಲ.

ತೀರ್ಥಹಳ್ಳಿಯ ಸದಸ್ಯರು: ಮೇಡಂ, ಪತ್ರ ಕೊಟ್ಟು ಬಂದೆ. 24ಕ್ಯೂ ತಿದ್ದಿದರೆ ಮುಂದೆ ತನಗೆ ತೊಂದರೆಯಾಗುತ್ತದೆ ಎಂದು ಅಕೌಂಟೆಂಟ್ ಹೇಳುತ್ತಿದ್ದಾರೆ.

ಲೆಕ್ಕಪರಿಶೋಧಕರು: ತಿದ್ದುಪಡಿ ವಿವರಪಟ್ಟಿ ಎಂಬುದು ಇರುವುದೇ ಇದಕ್ಕಾಗಿ. ಸ್ವೀಕೃತಿಯ ಸಹಿ ಹಾಕಿಸಿಕೊಂಡ ಪತ್ರದ ಪ್ರತಿ ಇಟ್ಟುಕೊಳ್ಳಿ, ಆಗಸ್ಟ್ ಕೊನೆಗೆ ಇಲ್ಲಿಯೇ ತಿಳಿಸಿ.