ಸಹಾಯ ಬೇಕು: ಬಿಟ್‌ಕಾಯಿನ್ ಫೀ ಇಳಿದಾಗ ಅಲರ್ಟ್

ನಮಸ್ಕಾರ, ಉಡುಪಿಯಿಂದ ಬರೆಯುತ್ತಿದ್ದೇನೆ. ನನ್ನ ವಾಲೆಟ್‌ಗೆ ಸಣ್ಣ ಸಣ್ಣದಾಗಿ 20 ಸಲ ಬಿಟ್‌ಕಾಯಿನ್ ಬಂದಿದೆ. ಎಲ್ಲವನ್ನೂ ಒಂದೇ ಅಡ್ರೆಸ್‌ಗೆ ಸೇರಿಸಬೇಕು. ಫೀ ಬೀಳುವುದು ಹಣದ ಮೇಲಲ್ಲ, ಟ್ರಾನ್ಸಾಕ್ಷನ್ ಗಾತ್ರದ ಮೇಲೆ ಅಲ್ವಾ? ನನ್ನದು ಸುಮಾರು 1,400 ವರ್ಚುವಲ್ ಬೈಟ್. ಬೈಟ್‌ಗೆ 20 ಸಾಟೊಶಿ ಇದ್ದರೆ ಒಟ್ಟು 28,000 ಆಗುತ್ತದೆ, 2 ಇದ್ದರೆ ಬರೀ 2,800. ಅವಸರವಿಲ್ಲ, ಕಾಯುತ್ತೇನೆ.

ಹಳೆ ಲ್ಯಾಪ್‌ಟಾಪ್‌ನಲ್ಲಿ ಒಂದು ಸ್ಕ್ರಿಪ್ಟ್ 10 ನಿಮಿಷಕ್ಕೊಮ್ಮೆ ದರ ನೋಡುತ್ತದೆ:

```
curl https://mempool.space/api/v1/fees/recommended
```

`hourFee` 3ಕ್ಕಿಂತ ಕೆಳಗೆ ಬಂದರೆ ಫೋನಿಗೆ ಮೆಸೇಜ್ ಬರುತ್ತದೆ. ಆದರೆ ಎರಡು ಮೂರು ಬ್ಲಾಕ್ ಬೆನ್ನುಬೆನ್ನಿಗೆ ಸಿಕ್ಕಾಗ ಕಾಯುವ ಸಾಲು ಕರಗಿ ದರ ಥಟ್ಟನೆ ಇಳಿಯುತ್ತದೆ. ನಾನು ವಾಲೆಟ್ ತೆರೆಯುವಷ್ಟರಲ್ಲಿ ಮತ್ತೆ ಏರಿರುತ್ತದೆ. ಸತತ ಮೂರು ಸಲ ಕಡಿಮೆ ಇದ್ದರೆ ಮಾತ್ರ ಅಲರ್ಟ್ ಬರುವಂತೆ ಮಾಡಲೇ? ಅಥವಾ ಆರ್‌ಬಿಎಫ್ ಆನ್ ಮಾಡಿ 2ರ ದರಕ್ಕೇ ಕಳಿಸಿ, ಸಿಕ್ಕಿಕೊಂಡರೆ ಆಮೇಲೆ ಫೀ ಏರಿಸುವುದು ಒಳ್ಳೆಯದೇ? ನನಗೆ ಎರಡನೆಯದೇ ಸರಿ ಅನಿಸುತ್ತಿದೆ. ಮಾಡಿದವರು ಹೇಳಿ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೋದರೆ ಸ್ಕ್ರಿಪ್ಟ್ ನಿಲ್ಲುತ್ತದೆ. ಮೆಸೇಜ್ ಬರದಿದ್ದಾಗ ಫೀ ಜಾಸ್ತಿ ಇದೆಯೋ, ಸ್ಕ್ರಿಪ್ಟೇ ನಿಂತಿದೆಯೋ ಗೊತ್ತಾಗುವುದಿಲ್ಲ. ಇದಕ್ಕೆ ನೀವು ಏನು ಮಾಡಿದ್ದೀರಿ?