ಆರು ಮಣಿಗಳ ಸರ: ಹದಿನಾಲ್ಕೋ ಹದಿಮೂರೋ?

ಮಂಜುನಾಥ: ಮಗಳ ಕಾಲೇಜಿನ ಅಭ್ಯಾಸದ ಹಾಳೆಯನ್ನು ಮೇಲೆ ಹಾಕಿದ್ದೇನೆ. ಕೆಂಪು, ಬಿಳಿ ಎರಡೇ ಬಣ್ಣ. ಆರು ಮಣಿಗಳ ಸರ. ತಿರುಗಿಸಿದಾಗ ಒಂದೇ ಆಗುವ ಸರಗಳನ್ನು ಒಂದೆಂದು ಎಣಿಸಬೇಕು. ಹಿಂಬದಿಯಲ್ಲಿ ಉತ್ತರ 14 ಎಂದಿದೆ. ನಾನು ಎಲ್ಲವನ್ನೂ ಚಿತ್ರ ಬರೆದು ಎಣಿಸಿದೆ, 13. ಉತ್ತರ ತಪ್ಪಾಗಿ ಅಚ್ಚಾಗಿದೆ.

ಶ್ರೀಧರ: ಚಿತ್ರ ಏಕೆ ಬೇಕು? ಒಟ್ಟು ಜೋಡಣೆ 64, ತಿರುವು ಆರು. ಭಾಗಿಸಿದರೆ ಮುಗಿಯಿತು.

ರೇವತಿ: 64ನ್ನು 6ರಿಂದ ಭಾಗಿಸಿ ನೋಡು, ಹತ್ತೂ ಮುಕ್ಕಾಲಿನ ಹತ್ತಿರ ಬರುತ್ತದೆ. ಸರಗಳ ಸಂಖ್ಯೆ ಭಿನ್ನರಾಶಿ ಆಗುವುದು ಹೇಗೆ? ಪ್ರತಿ ಸರವೂ ಆರು ಬೇರೆ ಬೇರೆ ಜೋಡಣೆಗಳಾಗಿ ಕಾಣುತ್ತದೆ ಎಂದು ನೀನು ಭಾವಿಸಿದ್ದೀಯ. ಎಲ್ಲವೂ ಕೆಂಪಾಗಿರುವ ಸರವನ್ನು ಎಷ್ಟು ತಿರುಗಿಸಿದರೂ ಅದು ಒಂದೇ ಜೋಡಣೆ. ಕೆಂಪು ಬಿಳಿ ಒಂದು ಬಿಟ್ಟು ಒಂದು ಇದ್ದರೆ ಎರಡು.

ಶ್ರೀಧರ: ಹಾಗಾದರೆ ಇಂಥ ಎಣಿಕೆಗೆ ಬಳಸುವ ಬರ್ನ್‌ಸೈಡ್ ಲೆಮ್ಮಾ ಏನು ಮಾಡುತ್ತದೆ? ಅದೂ ಕೊನೆಗೆ ಆರರಿಂದಲೇ ಭಾಗಿಸುತ್ತದಲ್ಲ.

ರೇವತಿ: ಭಾಗಿಸುತ್ತದೆ, ಆದರೆ 64ನ್ನಲ್ಲ. ಪ್ರತಿಯೊಂದು ತಿರುವಿಗೂ ಒಂದೇ ಪ್ರಶ್ನೆ ಕೇಳು: ಈ ತಿರುವು ಎಷ್ಟು ಜೋಡಣೆಗಳನ್ನು ಇದ್ದಂತೆಯೇ ಬಿಡುತ್ತದೆ?

ಸುಮ್ಮನೆ ಬಿಟ್ಟರೆ, ಅಂದರೆ ಸೊನ್ನೆ ತಿರುವಿಗೆ, 64ರಷ್ಟೂ ಉಳಿಯುತ್ತವೆ. ಇದನ್ನು ತಿರುವೆಂದು ಲೆಕ್ಕಕ್ಕೆ ಸೇರಿಸದೆ ಬಿಡುವವರು ಬಹಳ.

ಒಂದು ಸ್ಥಾನ ಸರಿಸಿದರೆ ಪ್ರತಿ ಮಣಿಯೂ ಪಕ್ಕದ ಮಣಿಯ ಬಣ್ಣದ್ದೇ ಆಗಿರಬೇಕು; 2 ಜೋಡಣೆ. ಐದು ಸ್ಥಾನಕ್ಕೂ 2.

ಎರಡು ಸ್ಥಾನ ಸರಿಸಿದರೆ 1, 3, 5ನೇ ಮಣಿಗಳು ಒಂದು ಗುಂಪು, 2, 4, 6 ಇನ್ನೊಂದು. ಗುಂಪಿಗೊಂದು ಬಣ್ಣ, 4 ಜೋಡಣೆ. ನಾಲ್ಕು ಸ್ಥಾನಕ್ಕೂ 4.

ಮೂರು ಸ್ಥಾನಕ್ಕೆ ಎದುರುಬದುರಿನ ಮಣಿಗಳ ಮೂರು ಜೋಡಿ, 8.

ಕೂಡಿಸು: 64 + 2 + 4 + 8 + 4 + 2 = 84. ಆರರಿಂದ ಭಾಗಿಸಿದರೆ 14.

ಸುಮಾ: ಗುಂಪುಗಳ ಸಂಖ್ಯೆ ಸರಿಸಿದ ಸ್ಥಾನಕ್ಕೂ ಆರಕ್ಕೂ ಇರುವ ಮ.ಸಾ.ಅ. ಅಲ್ಲವೇ? 2 ಮತ್ತು 6ಕ್ಕೆ 2, 3 ಮತ್ತು 6ಕ್ಕೆ 3.

ರೇವತಿ: ಅದೇ. ಆದರೆ ಮೊದಲ ಬಾರಿ ಮಾಡುವವರು ಮಣಿಗಳನ್ನು ಬೆರಳಿಟ್ಟು ಹಿಂಬಾಲಿಸುವುದೇ ಒಳ್ಳೆಯದು. ಎರಡು ಮತ್ತು ನಾಲ್ಕು ಸ್ಥಾನಗಳಿಗೆ ಒಂದೇ ಗುಂಪುಗಳು ಬಂದವು ಎಂದು ಅವನ್ನು ಒಂದೇ ತಿರುವಾಗಿ ಎಣಿಸಿದರೆ ಮೊತ್ತ ಕೆಡುತ್ತದೆ.

ಶ್ರೀಧರ: ಲೆಕ್ಕ ಸರಿ. ಆದರೆ ಬದಲಾಗದೆ ಉಳಿದವುಗಳನ್ನು ಕೂಡಿಸಿದರೆ ಸರಗಳ ಸಂಖ್ಯೆ ಏಕೆ ಸಿಗಬೇಕು?

ರೇವತಿ: ಆ 84 ಎಂದರೆ ಜೋಡಣೆಗಳಲ್ಲ, "ಈ ತಿರುವು ಈ ಜೋಡಣೆಯನ್ನು ಬದಲಿಸುವುದಿಲ್ಲ" ಎಂಬ ಜೊತೆಗಳು. ಅವನ್ನೇ ಸರದ ಕಡೆಯಿಂದ ಎಣಿಸು. ಒಂದು ಬಿಟ್ಟು ಒಂದು ಬಣ್ಣದ ಸರಕ್ಕೆ ಎರಡು ಜೋಡಣೆ, ಪ್ರತಿಯೊಂದನ್ನೂ ಮೂರು ತಿರುವುಗಳು ಬದಲಿಸುವುದಿಲ್ಲ: ಆರು ಜೊತೆ. ಪೂರ್ತಿ ಕೆಂಪು ಸರಕ್ಕೆ ಒಂದೇ ಜೋಡಣೆ, ಆರೂ ತಿರುವು ಸಲ್ಲುತ್ತವೆ: ಮತ್ತೆ ಆರು. ಒಂದೇ ಒಂದು ಕೆಂಪು ಇರುವ ಸರಕ್ಕೆ ಆರು ಜೋಡಣೆ, ಪ್ರತಿಯೊಂದಕ್ಕೂ ಸೊನ್ನೆ ತಿರುವು ಮಾತ್ರ: ಆಗಲೂ ಆರು. ಯಾವ ಸರವಾದರೂ ಮೊತ್ತಕ್ಕೆ ಆರನ್ನೇ ಕೊಡುತ್ತದೆ. ಭಾಗಿಸಲು ನಮಗೆ ಹಕ್ಕು ಬರುವುದು ಇದರಿಂದ.

ಮಂಜುನಾಥ: ಎಲ್ಲ ಸರಿ, ಆದರೆ ನನ್ನ ಹದಿಮೂರು ಚಿತ್ರಗಳೂ ಇಲ್ಲಿವೆ. ಹದಿನಾಲ್ಕನೆಯದನ್ನು ತೋರಿಸಿ.

ಸುಮಾ: ಕೆಂಪು ಎಷ್ಟಿದೆ ಎಂದು ವಿಂಗಡಿಸಿದೆ. ಸೊನ್ನೆಯಿಂದ ಆರರವರೆಗೆ ಕ್ರಮವಾಗಿ 1, 1, 3, 4, 3, 1, 1. ನಿಮ್ಮ ಚಿತ್ರಗಳಲ್ಲಿ ಮೂರು ಕೆಂಪಿನವು ಮೂರೇ ಇವೆ.

ರೇವತಿ: ಸಿಕ್ಕಿತು. ಈ ಎರಡನ್ನು ಪಕ್ಕ ಪಕ್ಕ ಇಟ್ಟು ಪ್ರದಕ್ಷಿಣವಾಗಿ ಓದು, ಮಂಜುನಾಥ:

ಕೆ ಕೆ ಬಿ ಕೆ ಬಿ ಬಿ
ಕೆ ಕೆ ಬಿ ಬಿ ಕೆ ಬಿ

ಮೊದಲನೆಯದರಲ್ಲಿ ಜೋಡಿ ಕೆಂಪಿನ ನಂತರ ಒಂದು ಬಿಳಿ, ಆಮೇಲೆ ಒಂಟಿ ಕೆಂಪು. ಎರಡನೆಯದರಲ್ಲಿ ಒಂಟಿ ಕೆಂಪಿಗೆ ಮೊದಲು ಎರಡು ಬಿಳಿ. ಎಷ್ಟು ತಿರುಗಿಸಿದರೂ ಒಂದು ಇನ್ನೊಂದಾಗುವುದಿಲ್ಲ. ನೀನು ಅವನ್ನು ಒಂದು ಮಾಡಿದ್ದು ಕನ್ನಡಿಯಲ್ಲಿ.

ಮಂಜುನಾಥ: ಕನ್ನಡಿ ಏಕೆ? ಸರವನ್ನು ಮೇಜಿನಿಂದ ಎತ್ತಿ ಮಗುಚಿ ಇಟ್ಟರೆ ಅದೇ ಆಗುತ್ತದೆ. ಯಾರು ಬೇಡವೆನ್ನುತ್ತಾರೆ?

ರೇವತಿ: ಪ್ರಶ್ನೆ ಬೇಡವೆನ್ನುತ್ತದೆ. ಮಗುಚಲು ಬಿಟ್ಟರೆ ಆರು ಪ್ರತಿಬಿಂಬಗಳೂ ಸೇರಬೇಕು. ಎದುರುಬದುರಿನ ಎರಡು ಮಣಿಗಳ ಮೂಲಕ ಹೋಗುವ ಮೂರು ಅಕ್ಷಗಳಿವೆ; ಆ ಎರಡು ಮಣಿ ಒಂಟಿ, ಉಳಿದವು ಎರಡು ಜೋಡಿ, ಹಾಗಾಗಿ ತಲಾ 16. ಮಣಿಗಳ ನಡುವೆ ಹೋಗುವ ಮೂರು ಅಕ್ಷಗಳಿಗೆ ತಲಾ 8. 84 + 48 + 24 = 156, ಈಗ ಹನ್ನೆರಡರಿಂದ ಭಾಗಿಸು. ನಿನ್ನ 13.

ಶ್ರೀಧರ: ಅಂದರೆ ಇಬ್ಬರ ಎಣಿಕೆಯೂ ಸರಿ, ಒಪ್ಪಿಕೊಂಡ ಚಲನೆಗಳ ಗುಂಪು ಬೇರೆ.

ಮಂಜುನಾಥ: ನಾನು ಇನ್ನೂ ಹೇಳುತ್ತೇನೆ, ಸರ ಎಂದು ಬರೆದ ಮೇಲೆ ಮಗುಚಬಾರದೆಂದು ಒಂದು ಸಾಲು ಇರಬೇಕಿತ್ತು.

ಸುಮಾ: "ತಿರುಗಿಸಿದಾಗ" ಎಂದಿದೆಯಲ್ಲ. ಮಗಳಿಗೆ 14 ಎಂದೇ ಬರೆಯಲು ಹೇಳಿ. ಆರು ತಿರುವುಗಳ ಸಾಲನ್ನೂ ಪೂರ್ತಿ ತೋರಿಸಲಿ, ಅಂಕ ಇರುವುದು ಅಲ್ಲಿ. ಮುಂದಿನ ಪ್ರಶ್ನೆ ಮೂರು ಬಣ್ಣದ್ದು. ಅದೇ ಗುಂಪುಗಳು, 2ರ ಬದಲು 3.

ಮಂಜುನಾಥ: 729 + 3 + 9 + 27 + 9 + 3 = 780. ಆರರಿಂದ ಭಾಗಿಸಿದರೆ 130. ಇದಕ್ಕೆ ನಾನು ಚಿತ್ರ ಬರೆಯುವುದಿಲ್ಲ.