ಬಿರುಗಾಳಿಯ ರಾತ್ರಿಯಿಂದ ಆರಂಭಿಸಬೇಡ, ಮಗಳೇ

“ದೊಡ್ಡಮ್ಮ, ಬರುವ ಭಾನುವಾರ ಯುವಜನ ಸಂಘದಲ್ಲಿ ತೋರಿಸಲು ‘ಅಮೇಜಿಂಗ್ ಗ್ರೇಸ್’ ಹಾಡಿನ ಅರ್ಥದ ಬಗ್ಗೆ ಮೂರು ನಿಮಿಷದ ವಿಡಿಯೊ ಮಾಡಬೇಕು. ನನ್ನ ಸ್ಕ್ರಿಪ್ಟ್ ಹೀಗೆ ಶುರುವಾಗುತ್ತದೆ: ‘ಗುಲಾಮರನ್ನು ತುಂಬಿದ್ದ ಹಡಗಿನ ಕಪ್ತಾನ ಜಾನ್ ನ್ಯೂಟನ್ ಬಿರುಗಾಳಿಗೆ ಸಿಕ್ಕಿ ದೇವರಿಗೆ ಮೊರೆಯಿಟ್ಟ, ಅವರನ್ನೆಲ್ಲ ಬಿಡುಗಡೆ ಮಾಡಿ ಆ ರಾತ್ರಿಯೇ ಈ ಹಾಡು ಬರೆದ.’ ತಪ್ಪಿದ್ದರೆ ಎಲ್ಲರ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಭಯ. ಒಮ್ಮೆ ನೋಡಿ ಹೇಳುತ್ತೀರಾ?”

ಮಗಳೇ, ಟೈಪು ಮಾಡಲು ನನ್ನ ಬೆರಳುಗಳು ಒಪ್ಪುವುದಿಲ್ಲವಾದ್ದರಿಂದ ಮಾತಿನಲ್ಲಿಯೇ ಕಳುಹಿಸುತ್ತಿದ್ದೇನೆ. ಹೊರಗೆ ಮಳೆ ಜೋರಾಗಿದೆ, ಹೆಂಚಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ. ನೀನು ಬರೆದಿರುವ ಆ ಆರಂಭದ ವಾಕ್ಯವನ್ನು ಮೊದಲು ಹೊಡೆದುಹಾಕು. ಬಿರುಗಾಳಿಯ ರಾತ್ರಿಯೇ ಹಾಡು ಹುಟ್ಟಿತೆಂದು ಮಕ್ಕಳಿಗೆ ಹೇಳಬೇಡ. ಹೇಳಿ ಕೆಟ್ಟವಳು ನಾನು, ಆದ್ದರಿಂದ ಹೇಳುತ್ತಿದ್ದೇನೆ.

ನಿನ್ನಪ್ಪ ಪಿಯುಸಿ ಓದುತ್ತಿದ್ದ ವರ್ಷ ತೀರ್ಥಹಳ್ಳಿಯ ಹತ್ತಿರ ನಮ್ಮ ಯುವಜನರ ಶಿಬಿರ ನಡೆಯಿತು, ಹೊಸನಗರದ ಚಿಕ್ಕಪ್ಪನಿಗೂ ಅದು ನೆನಪಿರಬೇಕು. ಈ ಹಾಡಿನ ಕಥೆಯನ್ನು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು, ನಾನು ನೀನು ಬರೆದಿರುವ ಹಾಗೆಯೇ ಹೇಳಿದೆ. ಅಲೆ, ಗುಡುಗು, ಮುರಿದ ಪಟ, ಎಲ್ಲವನ್ನೂ ಸೇರಿಸಿದೆ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಕುಳಿತಿದ್ದ. ಅವನ ಅಜ್ಜಿ ಅಡಿಕೆ ತೋಟದ ಒಡೆಯರೊಬ್ಬರ ಮನೆಯಲ್ಲಿ ಜೀತಕ್ಕಿದ್ದವರು, 1976ರ ಕಾಯ್ದೆ ಬರುವವರೆಗೂ ಬಿಡುಗಡೆಯೆಂಬುದನ್ನು ಕಾಣದವರು. ಆ ಹುಡುಗ ಎದ್ದು ನಿಂತು, “ಟೀಚರ್, ಹಡಗಿನ ತಳದಲ್ಲಿದ್ದ ಜನ ಆಮೇಲೆ ಏನಾದರು?” ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಹೇಳುವಷ್ಟು ಧೈರ್ಯವೂ ಇರಲಿಲ್ಲ. “ಅವರೆಲ್ಲರನ್ನೂ ಆ ರಾತ್ರಿಯೇ ಬಿಟ್ಟುಬಿಟ್ಟ ಕಣೋ” ಎಂದುಬಿಟ್ಟೆ. ಅವನ ಮುಖ ಅರಳಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಅವನು ಮೈಸೂರಿಗೆ ಓದಲು ಹೋದ, ಎರಡು ವರ್ಷದ ಮೇಲೆ ಕ್ರಿಸ್ಮಸ್ ರಜೆಗೆ ಬಂದ. ಆರಾಧನೆ ಮುಗಿದ ಮೇಲೆ ನನ್ನನ್ನು ಬಾಗಿಲ ಬಳಿ ನಿಲ್ಲಿಸಿ, “ಟೀಚರ್, ಬಿರುಗಾಳಿಯಾದ ಮೇಲೆ ಆ ಮನುಷ್ಯ ಆರು ವರ್ಷ ಅದೇ ವ್ಯಾಪಾರ ಮಾಡಿದ. ನೀವು ಬಿಡಿಸಿದಿರಲ್ಲ, ಆ ಜನರನ್ನು ಅವನು ಬಿಡಿಸಲೇ ಇಲ್ಲ” ಎಂದ. ದನಿ ಏರಿಸಲಿಲ್ಲ. ಅದಾದ ನಂತರ ಸಭೆಯಲ್ಲಿ ಈ ಹಾಡು ಎತ್ತಿದಾಗಲೆಲ್ಲ ಅವನು ಹೊರಗೆ ಹೋಗಿ ಹಲಸಿನ ಮರದ ಕೆಳಗೆ ನಿಲ್ಲುತ್ತಿದ್ದ, ಕ್ರಮೇಣ ಬರುವುದನ್ನೇ ಬಿಟ್ಟ.

ಅವನು ಹೇಳಿದ್ದೇ ನಿಜವಾಗಿತ್ತು. ನಾನು ಓದಲು ಕುಳಿತದ್ದು ಆಮೇಲೆ. ಬಿರುಗಾಳಿ ಎದ್ದದ್ದು 1748ರ ಮಾರ್ಚಿನಲ್ಲಿ, ಗ್ರೇಹೌಂಡ್ ಎಂಬ ಹಡಗಿನಲ್ಲಿ. ನ್ಯೂಟನ್ ಅದರ ಕಪ್ತಾನನಾಗಿರಲಿಲ್ಲ, ಆಫ್ರಿಕಾದಿಂದ ಊರಿಗೆ ಮರಳುತ್ತಿದ್ದ ಪ್ರಯಾಣಿಕನಾಗಿದ್ದ. ಆ ಸಲ ಆ ಹಡಗು ಹೊತ್ತಿದ್ದದ್ದು ಜೇನುಮೇಣ, ಆನೆದಂತ, ಬಣ್ಣ ತೆಗೆಯುವ ಕಟ್ಟಿಗೆ ಮೊದಲಾದ ಸರಕನ್ನು. ಕರುಣಿಸು ಎಂಬ ಮಾತು ಆ ರಾತ್ರಿ ಅವನ ಬಾಯಿಂದ ಹೊರಟದ್ದು ನಿಜ, ಆ ದಿನವನ್ನು ಅವನು ಬದುಕಿರುವವರೆಗೂ ವರ್ಷವರ್ಷ ನೆನೆದದ್ದೂ ನಿಜ. ಆದರೆ ಗುಲಾಮರ ಹಡಗುಗಳಿಗೆ ಅವನು ಕಪ್ತಾನನಾದದ್ದು ಆ ಮೊರೆಯ ನಂತರ, ಹಿಂದಲ್ಲ. ಇಗರ್ಜಿಗೆ ಹೋಗುತ್ತ, ಬೈಬಲ್ ಓದುತ್ತ, ಮನುಷ್ಯರನ್ನು ಸರಪಳಿ ಹಾಕಿ ಸಾಗಿಸಿದ. 1754ರಲ್ಲಿ ಸಮುದ್ರವನ್ನು ಬಿಟ್ಟದ್ದು ಕೂಡ ಮನಸ್ಸು ಚುಚ್ಚಿದ್ದರಿಂದ ಅಲ್ಲ. ಹಡಗು ಹೊರಡುವುದಕ್ಕೆ ಸ್ವಲ್ಪ ಮುಂಚೆ ಫಿಟ್ಸಿನಂಥದು ಬಂದು ಬಿದ್ದದ್ದರಿಂದ. ಆ ವ್ಯಾಪಾರ ಪಾಪವೆಂದು ಅವನು ಬಹಿರಂಗವಾಗಿ ಅಚ್ಚುಹಾಕಿಸಿದ್ದು 1788ರಲ್ಲಿ, ಅಂದರೆ ಬಿರುಗಾಳಿಯಿಂದ 40 ವರ್ಷ ಕಳೆದ ಮೇಲೆ. ಈ ಒಪ್ಪಿಗೆ ತಡವಾಗಿ ಬಂತೆಂದು ಅವನೇ ಅದರಲ್ಲಿ ಬರೆದುಕೊಂಡಿದ್ದಾನೆ.

ಇದನ್ನೆಲ್ಲ ಹೇಳಿದರೆ ಹಾಡಿನ ಮೇಲೆ ಭಕ್ತಿ ಕಡಿಮೆಯಾಗುತ್ತದೆ ಎಂದು ನಿನ್ನ ಅತ್ತೆ ವಾದಿಸುತ್ತಾಳೆ. ನನ್ನ ಅನುಭವ ಬೇರೆ. ಸುಳ್ಳು ಕಥೆಯಲ್ಲಿ ಕೃಪೆ ಎಂದರೆ ಒಂದು ರಾತ್ರಿಯ ಮಿಂಚು. ನಿಜವಾದ ಕಥೆಯಲ್ಲಿ ಕೃಪೆ ಒಬ್ಬ ಮೊಂಡನ ಬೆನ್ನು ಬಿಡದೆ 40 ವರ್ಷ ನಡೆದದ್ದು, ಅದೂ ಅವನಿಂದ ನೊಂದವರ ಲೆಕ್ಕ ತೀರದೆಯೇ. ಹಾಡಿನ ಮಾತುಗಳು ಹೊಂದುವುದು ಈ ಎರಡನೆಯದಕ್ಕೆ.

ಹಾಡು ಹುಟ್ಟಿದ್ದು ಸಮುದ್ರದ ಮೇಲಲ್ಲ, ಇಂಗ್ಲೆಂಡಿನ ಓಲ್ನಿ ಎಂಬ ಪುಟ್ಟ ಊರಿನಲ್ಲಿ, 1772ರ ಕೊನೆಯಲ್ಲಿ. ಲೇಸು ಹೆಣೆದು ಬದುಕುವ ಬಡವರ ಊರದು, ನ್ಯೂಟನ್ ಅಲ್ಲಿ ಸಭಾಪಾಲಕನಾಗಿದ್ದ. 1773ರ ಜನವರಿ 1ರಂದು ಅವನು ಪ್ರಸಂಗಕ್ಕೆ ಆರಿಸಿಕೊಂಡದ್ದು ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕ, 17ನೆಯ ಅಧ್ಯಾಯ, 16 ಮತ್ತು 17ನೆಯ ವಚನಗಳನ್ನು. ಆ ಪ್ರಸಂಗಕ್ಕೆಂದು ಬರೆದ ಹಾಡು ಇದು. ಬೈಬಲ್ ತೆಗೆದು ನೋಡು. ಕುರಿ ಕಾಯುತ್ತಿದ್ದ ದಾವೀದ ಅರಸನಾಗಿ ದೇವರ ಮುಂದೆ ಕುಳಿತು, ನನ್ನನ್ನು ಇಲ್ಲಿಯವರೆಗೆ ತರಲು ನಾನೆಷ್ಟರವನು, ನನ್ನ ಮನೆ ಎಷ್ಟರದು ಎಂದು ಬೆರಗಾಗುತ್ತಾನೆ, ಅದು 16. ಇಷ್ಟು ಸಾಲದೆಂಬಂತೆ ಮುಂದೆ ಬಹುಕಾಲದ ಮಾತನ್ನೂ ಆಡಿದೆಯಲ್ಲ ಎನ್ನುತ್ತಾನೆ, ಅದು 17. ಹಾಡಿಗೆ ಆರು ಚರಣಗಳು. ಮೊದಲ ಮೂರು ಹಿಂದಿರುಗಿ ನೋಡುತ್ತವೆ, ಕೊನೆಯ ಮೂರು ಮುಂದಕ್ಕೆ ನೋಡುತ್ತವೆ. ಅನೇಕ ಅಪಾಯಗಳನ್ನು ದಾಟಿ ಬಂದೆ, ಇಲ್ಲಿಯವರೆಗೆ ತಂದದ್ದು ಕೃಪೆ ಎಂಬ ಮೂರನೆಯ ಚರಣದ ‘ಇಲ್ಲಿಯವರೆಗೆ’ ನೇರವಾಗಿ ದಾವೀದನ ಬಾಯಿಂದ ಬಂದದ್ದು. ಬಿರುಗಾಳಿ ಆ ‘ಅನೇಕ ಅಪಾಯ’ಗಳಲ್ಲಿ ಒಂದು ಮಾತ್ರ.

ಮೊದಲ ಸಾಲಿನಲ್ಲಿಯೂ ಒಂದು ಜಾರುವ ಜಾಗವಿದೆ. ‘ಎಷ್ಟು ಮಧುರವಾದ ಧ್ವನಿ’ ಎಂಬುದನ್ನು ನಮ್ಮ ಮಕ್ಕಳು ಹಾಡಿನ ರಾಗ ಮಧುರ ಎಂದು ತಿಳಿದುಕೊಳ್ಳುತ್ತಾರೆ. ನ್ಯೂಟನ್ ಆ ಮಾತನ್ನು ಆವರಣದೊಳಗೆ ಇಟ್ಟಿದ್ದ. ಕಿವಿಗೆ ಮಧುರವಾದದ್ದು ‘ಕೃಪೆ’ ಎಂಬ ಪದ. ನನ್ನಂಥ ದುರವಸ್ಥೆಯವನನ್ನು ರಕ್ಷಿಸಿದ್ದು ಆ ಕೃಪೆ, ಧ್ವನಿಯಲ್ಲ. ರಾಗದ ಮಾತು ಅಲ್ಲಿ ಇರಲು ಸಾಧ್ಯವೂ ಇಲ್ಲ, ಏಕೆಂದರೆ ನಾವು ಈಗ ಹಾಡುವ ರಾಗ ಈ ಪದಗಳಿಗೆ ಕೂಡಿಕೊಂಡದ್ದು 1835ರಲ್ಲಿ, ಅಮೆರಿಕದ ಒಂದು ಸಂಗೀತ ಪುಸ್ತಕದಲ್ಲಿ. ಐದೇ ಸ್ವರಗಳ ರಾಗವಾದ್ದರಿಂದ ನಿನ್ನ ತಾತ ಅದನ್ನು ಹಾರ್ಮೋನಿಯಂನಲ್ಲಿ ಮೋಹನದ ಹಾಗೆ ನುಡಿಸುತ್ತಿದ್ದರು. ‘ಕಳೆದುಹೋಗಿದ್ದೆ, ಸಿಕ್ಕಿದೆ’ ಎಂಬುದು ಲೂಕನ 15ನೆಯ ಅಧ್ಯಾಯದ ತಂದೆಯ ಮಾತು, ‘ಕುರುಡನಾಗಿದ್ದೆ, ಈಗ ಕಾಣುತ್ತೇನೆ’ ಎಂಬುದು ಯೋಹಾನನ 9ನೆಯ ಅಧ್ಯಾಯದ ಹುಟ್ಟುಕುರುಡನದು. ಇವೆರಡನ್ನು ಹೇಳಿದರೆ ಆ ಚರಣ ಮುಗಿಯಿತು.

ಈಗ ನನ್ನ ಹೊಟ್ಟೆಯುರಿಯನ್ನೂ ಕೇಳಿಬಿಡಿ. ಗೋಡೆಯ ಮೇಲೆ ಪರದೆ ಬಂದಾಗಿನಿಂದ ಹಾಡಿನ ಪುಸ್ತಕ ಯಾರ ಕೈಯಲ್ಲಿಯೂ ಇಲ್ಲ, ಪರದೆಗೆ ಹಾಡು ಹಾಕುವವರು ಸಮಯವಿಲ್ಲವೆಂದು ಮೂರು ಚರಣಕ್ಕೆ ಕತ್ತರಿಸುತ್ತಾರೆ. ಈ ಹಾಡಿನಲ್ಲಿ ಮೂರಕ್ಕೆ ನಿಲ್ಲಿಸಿದರೆ 17ನೆಯ ವಚನವೇ ಹೋಯಿತು. ಆಮೇಲೆ ಕೊನೆಗೆ ‘ಹತ್ತು ಸಾವಿರ ವರ್ಷ’ದ ಚರಣವೊಂದನ್ನು ತಂದು ಅಂಟಿಸುತ್ತಾರೆ, ಅದು ನ್ಯೂಟನ್ ಬರೆದದ್ದೇ ಅಲ್ಲ. ಅವನ ಸ್ವಂತ ಕೊನೆಯ ಚರಣದಲ್ಲಿ ಭೂಮಿ ಹಿಮದಂತೆ ಕರಗುತ್ತದೆ, ಸೂರ್ಯ ಬೆಳಗುವುದನ್ನು ನಿಲ್ಲಿಸುತ್ತಾನೆ, ಆದರೆ ನನ್ನನ್ನು ಕರೆದ ದೇವರು ಎಂದೆಂದಿಗೂ ನನ್ನವನು ಎಂದಿದೆ. ನಾವು ಹಿಮ ಕಂಡವರಲ್ಲ, ಬೆಳಗಿನ ಒಂಬತ್ತಕ್ಕೆ ತೋಟದ ಮೇಲಿನ ಮಂಜು ಹೇಗೆ ಕಾಣದಾಗುತ್ತದೆಂದು ಕಂಡವರು. ಅದನ್ನು ಹೇಳಿದರೆ ಸಾಗರ ಪೇಟೆಯ ಮಕ್ಕಳಿಗೂ ಅರ್ಥವಾಗುತ್ತದೆ. ಇದನ್ನು ಸಮಿತಿಯಲ್ಲಿ ಎರಡು ಸಲ ಹೇಳಿದೆ, ನಕ್ಕು ಮುಂದಿನ ವಿಷಯಕ್ಕೆ ಹೋದರು. ಇರಲಿ.

ಅಯ್ಯೋ, ನೀನು ಕೇಳಿದ್ದು ಸ್ಕ್ರಿಪ್ಟು. ಮೂರು ನಿಮಿಷವೆಂದರೆ ಹಾಡಿಗೆ ಒಂದು ನಿಮಿಷ ಬಿಟ್ಟುಕೊಡು, ಉಳಿದ ಎರಡು ನಿಮಿಷದಲ್ಲಿ ನಿಧಾನವಾಗಿ ಓದಿದರೆ ಇನ್ನೂರು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಆದ್ದರಿಂದ ನಾನು ಹೇಳಿದ್ದೆಲ್ಲವನ್ನೂ ತುರುಕಬೇಡ, ‘ಇಲ್ಲಿಯವರೆಗೆ’ ಎಂಬ ಒಂದು ಮಾತನ್ನು ಮಾತ್ರ ಹಿಡಿದುಕೋ. ಹೀಗೆ ಆರಂಭಿಸು: “1773ರ ಹೊಸ ವರ್ಷದ ದಿನ. ಲೇಸು ಹೆಣೆಯುವ ಬಡವರ ಊರಿನಲ್ಲಿ ಒಬ್ಬ ಸಭಾಪಾಲಕ ದಾವೀದನ ಮಾತನ್ನು ವಿವರಿಸುತ್ತಿದ್ದಾನೆ: ದೇವರೇ, ನನ್ನನ್ನು ಇಲ್ಲಿಯವರೆಗೆ ತರಲು ನಾನೆಷ್ಟರವನು? ಈ ಸಭಾಪಾಲಕ ಹಿಂದೆ ಮನುಷ್ಯರನ್ನು ಮಾರಿದವನು. ದೇವರನ್ನು ಕರೆದ ಮೇಲೆಯೂ ಆರು ವರ್ಷ ಮಾರಿದವನು. ಅದು ಪಾಪವೆಂದು ಊರಿಗೆಲ್ಲ ಕೇಳುವಂತೆ ಹೇಳಲು ಅವನಿಗೆ ಈ ದಿನದಿಂದ ಇನ್ನೂ ಹದಿನೈದು ವರ್ಷ ಬೇಕು.” ಅಲ್ಲಿ ಮಾತು ನಿಲ್ಲಿಸಿ ಮೂರನೆಯ ಚರಣವನ್ನು ಹಾಡಿಸು. ಆಮೇಲೆ ದಾವೀದನ ಎರಡು ವಚನ, ಮಂಜಿನ ಮಾತು, ಕೊನೆಯ ಚರಣ.

ಹಾಡಿಗೆ ಯೂಟ್ಯೂಬಿನಿಂದ ಯಾರದೋ ಧ್ವನಿಮುದ್ರಣವನ್ನು ತೆಗೆದು ಹಾಕಬೇಡ. ನ್ಯೂಟನ್ನನ ಪದಗಳೂ ಆ ಹಳೆಯ ರಾಗವೂ ಯಾರ ಹಕ್ಕಿನಲ್ಲಿಯೂ ಇಲ್ಲ, ಆದರೆ ಈಗಿನವರು ಹಾಡಿದ ಧ್ವನಿಗೆ ಹಕ್ಕು ಇರುತ್ತದೆ, ವಿಡಿಯೊದ ಸದ್ದನ್ನೇ ಅಡಗಿಸಿಬಿಡುತ್ತಾರೆ. ನಮ್ಮ ಹುಡುಗರೇ ಹಾಡಲಿ. ಈ ಮಳೆಯಲ್ಲಿ ಇಗರ್ಜಿಯ ಒಳಗೆ ರೆಕಾರ್ಡು ಮಾಡಿದರೆ ಹೆಂಚಿನ ಸದ್ದಷ್ಟೇ ಉಳಿಯುತ್ತದೆ, ಆದ್ದರಿಂದ ಹೊಳವಾದ ಹೊತ್ತು ನೋಡಿ, ಫೋನನ್ನು ಬಾಯಿಗೆ ಒಂದು ಗೇಣು ದೂರದಲ್ಲಿಟ್ಟು ಮಾಡು. ಮತ್ತೆ ಹೇಳುತ್ತೇನೆ, ಬಿರುಗಾಳಿಯ ರಾತ್ರಿಯೇ ಹಾಡು ಹುಟ್ಟಿತೆಂದು ಹೇಳಬೇಡ, ಹಿಂದಿನ ಬೆಂಚಿನಲ್ಲಿ ಯಾರು ಕುಳಿತಿರುತ್ತಾರೋ ತಿಳಿಯದು. ಹಡಗಿನ ತಳದ ಜನರ ಬಗ್ಗೆ ಯಾರಾದರೂ ಕೇಳಿದರೆ, ಆ ರಾತ್ರಿಯ ಹಡಗಿನಲ್ಲಿ ಇದ್ದದ್ದು ಸರಕು, ಆಮೇಲೆ ಸರಪಳಿ ಹಾಕಿ ಸಾಗಿಸಿದವರನ್ನು ಅವನು ಬಿಡಿಸಲಿಲ್ಲವೆಂದೇ ಹೇಳು. ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಒಮ್ಮೆ ಗಟ್ಟಿಯಾಗಿ ಓದಿ ಶುಕ್ರವಾರದೊಳಗೆ ನನಗೆ ಕಳುಹಿಸು. ತಾತನ ಹಾರ್ಮೋನಿಯಂ ಪೆಟ್ಟಿಗೆಯ ಕೀಲಿಕೈ ನಿನ್ನ ಅತ್ತೆಯ ಹತ್ತಿರವಿದೆ, ಮಳೆಗಾಲದಲ್ಲಿ ಅದರ ಎರಡು ಮಣೆ ಕಚ್ಚಿಕೊಳ್ಳುತ್ತವೆ, ಹಿಂದಿನ ದಿನವೇ ಒಲೆಯ ಕೋಣೆಯಲ್ಲಿ ಇಟ್ಟು ಬೆಚ್ಚಗೆ ಮಾಡಿಕೋ.